ಸಮರ್ರಾದ ಕುದುರೆ, ಸುಲೈಮಾನರ ಗಾಳಿ

ಕಾಲೇಜೊಂದರ ಕ್ವಿಜ್ ಸ್ಪರ್ಧೆಗೆ ಪ್ರೇಕ್ಷಕರಾಗಿ ಹೋಗಿದ್ದೆವು. ಟೆರಿ ಪ್ರ್ಯಾಚೆಟ್ ಎಂಬ ಇಂಗ್ಲಿಷ್ ಲೇಖಕರ ‘ಡಿಸ್ಕ್‌ವರ್ಲ್ಡ್’ ಮಾಲೆಯ 41 ಕಾದಂಬರಿಗಳಲ್ಲಿ ‘ಡೆತ್’ ಕಾಣಿಸಿಕೊಳ್ಳದ ಎರಡು ಯಾವುವು ಎಂಬ ಪ್ರಶ್ನೆ ಬಂತು. ಹುಡುಗನೊಬ್ಬ ಕಣ್ಣು ಮಿಟುಕಿಸುವುದರೊಳಗೆ ‘ದಿ ವೀ ಫ್ರೀ ಮೆನ್’ ಮತ್ತು ‘ಸ್ನಫ್’ ಎಂದ. ಉತ್ತರ ಸರಿಯಾಗಿತ್ತು, ಚಪ್ಪಾಳೆಯೂ ಬಿತ್ತು. ಹೊರಗೆ ಚಹಾ ಕುಡಿಯುವಾಗ, “ಉಳಿದ 39ರಲ್ಲಿ ಅವನು ಯಾಕೆ ಬರುತ್ತಾನಪ್ಪಾ?” ಎಂದು ಆ ಹುಡುಗನನ್ನು ಕೇಳಿದೆವು. “ಅದನ್ನು ಯಾರೂ ಕೇಳಲ್ಲ ಸಾರ್” ಎಂದು ನಕ್ಕ.

ಯಾರೂ ಕೇಳದ ಆ ಪ್ರಶ್ನೆಯನ್ನು ನಾವು ಇಲ್ಲಿ ಕೇಳಿಕೊಳ್ಳುತ್ತಿದ್ದೇವೆ.

ಡಿಸ್ಕ್‌ವರ್ಲ್ಡ್ ಒಂದು ಚಪ್ಪಟೆ ಲೋಕ. ನಾಲ್ಕು ಆನೆಗಳು ಅದನ್ನು ಹೊತ್ತಿವೆ, ಆನೆಗಳನ್ನು ಒಂದು ಮಹಾ ಆಮೆ ಹೊತ್ತಿದೆ. ದಿಗ್ಗಜ, ಕೂರ್ಮಗಳ ಕಥೆ ಕೇಳಿ ಬೆಳೆದ ನಮ್ಮ ನಾಡಿನವರಿಗೆ ಇದು ಹೊಸತೆನಿಸದು. ಆ ಲೋಕದಲ್ಲಿ ಸಾವು ಒಬ್ಬ ಗಂಡಸು. ಏಳಡಿಯ ಎಲುಬಿನ ಗೂಡು, ಕಪ್ಪು ನಿಲುವಂಗಿ, ಕೈಯಲ್ಲಿ ಕುಡುಗೋಲು, ಬಿಳಿ ಕುದುರೆ. ಕುದುರೆಯ ಹೆಸರು ಬಿಂಕಿ. ಯಾರಾದರೂ ಸತ್ತರೆ ಅವನು ಬರುತ್ತಾನೆ. ಸತ್ತವನು “ನಾನು ಸತ್ತೆನೇ?” ಎಂದು ತಬ್ಬಿಬ್ಬಾಗುತ್ತಾನೆ, ಅವನು ಗಂಭೀರವಾಗಿ ಹೌದೆನ್ನುತ್ತಾನೆ. ಬಹಳ ಕಡೆ ಇಷ್ಟೇ, ಒಂದು ಪುಟದ ಕೆಲಸ. ಸಿನಿಮಾದವರು ಕ್ಯಾಮಿಯೊ ಎನ್ನುವುದು ಇದನ್ನೇ.

ಅವನ ಮಾತಿಗೆ ಉದ್ಧರಣ ಚಿಹ್ನೆ ಇರುವುದಿಲ್ಲ. ಎಲ್ಲವೂ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಹೆಸರು ಹೇಳುವ ಮೊದಲೇ ಬಂದವನು ಯಾರೆಂದು ಓದುಗನ ಕಣ್ಣಿಗೆ ಗೊತ್ತಾಗುತ್ತದೆ, ಕಿವಿಗಲ್ಲ. ಈ ತಮಾಷೆ ನಮ್ಮ ಭಾಷೆಗಳಿಗೆ ಸುಲಭವಾಗಿ ದಾಟದು. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ, ಉರ್ದುವಿನಲ್ಲೂ ಇಲ್ಲ. ಮೇಲಾಗಿ ಉರ್ದುವಿನ ‘ಮೌತ್’ ಸ್ತ್ರೀಲಿಂಗ, ನಮ್ಮ ‘ಸಾವು’ ನಪುಂಸಕ. ಅನುವಾದಕ ಮೊದಲ ಪುಟದಲ್ಲೇ ಸೋಲಬೇಕಾಗುತ್ತದೆ.

ಈಗ 1983ರ ಮೊದಲ ಕಾದಂಬರಿ ‘ದಿ ಕಲರ್ ಆಫ್ ಮ್ಯಾಜಿಕ್’ಗೆ ಬರೋಣ. ರಿನ್ಸ್‌ವಿಂಡ್ ಎಂಬ ಕೈಲಾಗದ ಮಾಂತ್ರಿಕ ಆಂಕ್-ಮೊರ್ಪೋರ್ಕ್ ನಗರದ ಜನಜಂಗುಳಿಯಲ್ಲಿ ಡೆತ್‌ಗೆ ಎದುರಾಗುತ್ತಾನೆ. ಡೆತ್‌ಗೇ ಆಶ್ಚರ್ಯ. ಇವನನ್ನು ಅವನು ಭೇಟಿಯಾಗಬೇಕಿದ್ದದ್ದು ಸೆಫೊಪೊಲೊಲಿಸ್ ಎಂಬ ಬೇರೆ ಊರಿನಲ್ಲಿ. ಅದು ಐನೂರು ಮೈಲಿ ದೂರ ಎನ್ನುತ್ತಾನೆ ರಿನ್ಸ್‌ವಿಂಡ್. ಲೆಕ್ಕ ತಪ್ಪಿದ್ದಕ್ಕೆ ಗೊಣಗುತ್ತಾ ಡೆತ್, ಒಂದು ವೇಗದ ಕುದುರೆಯನ್ನು ಕೊಡುತ್ತೇನೆ, ಹೋಗುತ್ತೀಯಾ ಎಂದು ಕೇಳುತ್ತಾನೆ. ರಿನ್ಸ್‌ವಿಂಡ್ ಒಪ್ಪುವುದಿಲ್ಲ.

ಇದರ ಹಿಂದಿನ ಕಥೆ ಯಾವುದು ಎಂಬುದು ಕ್ವಿಜ್‌ನವರಿಗೆ ಪ್ರಿಯವಾದ ಪ್ರಶ್ನೆ. ಉತ್ತರದ ಚೀಟಿಯಲ್ಲಿ ‘ಸಮರ್ರಾದ ಭೇಟಿ, ಸಾಮರ್‌ಸೆಟ್ ಮಾಮ್, 1933’ ಎಂದಿರುತ್ತದೆ. ಬಾಗ್ದಾದಿನ ಪೇಟೆಯಲ್ಲಿ ಸೇವಕನೊಬ್ಬ ಸಾವನ್ನು ಕಂಡು ಬೆದರಿ, ಯಜಮಾನನ ಕುದುರೆ ಪಡೆದು ಸಮರ್ರಾಕ್ಕೆ ಓಡುತ್ತಾನೆ. ಸಾವು ಆ ರಾತ್ರಿ ಅವನನ್ನು ಕಾಣಬೇಕಿದ್ದದ್ದು ಸಮರ್ರಾದಲ್ಲೇ.

ಆದರೆ ಉರ್ದು ಶಾಲೆಯ ಹಾದಿಯಲ್ಲಿ ಬಂದ ನಮ್ಮಂಥವರಿಗೆ ಮೊದಲು ನೆನಪಾಗುವುದು ಮಾಮ್ ಅಲ್ಲ. ಮೌಲಾನಾ ರೂಮಿಯವರ ಮಸ್ನವಿಯಲ್ಲಿ ಒಬ್ಬಾತ ಪ್ರವಾದಿ ಸುಲೈಮಾನರ (ಅ) ಬಳಿಗೆ ಓಡಿ ಬರುತ್ತಾನೆ. ಮೃತ್ಯುದೂತ ಇಝ್ರಾಯೀಲ್ ತನ್ನನ್ನು ಕೋಪದಿಂದ ನೋಡಿದರು, ಗಾಳಿಗೆ ಆಜ್ಞೆ ಮಾಡಿ ತನ್ನನ್ನು ಹಿಂದುಸ್ತಾನಕ್ಕೆ ಕಳಿಸಿ ಎಂದು ಬೇಡುತ್ತಾನೆ. ಗಾಳಿ ಅವನನ್ನು ಒಯ್ಯುತ್ತದೆ. ಆಮೇಲೆ ಇಝ್ರಾಯೀಲ್ ಹೇಳುತ್ತಾರೆ: ಅದು ಕೋಪವಲ್ಲ, ವಿಸ್ಮಯ. ಅವನ ಪ್ರಾಣವನ್ನು ಹಿಂದುಸ್ತಾನದಲ್ಲಿ ತೆಗೆಯಬೇಕೆಂಬ ಅಪ್ಪಣೆ ಇತ್ತು, ಅವನೋ ಇಲ್ಲಿದ್ದ. ಸುಲೈಮಾನರನ್ನೇ ಕೇಂದ್ರದಲ್ಲಿಟ್ಟ ಇಂಥದೇ ಕಥೆ ಯಹೂದಿಗಳ ತಾಲ್ಮುದ್‌ನಲ್ಲೂ ಇದೆ.

ಹಾಗಾದರೆ ಚೀಟಿಯ ಉತ್ತರ ತಪ್ಪೇ? ಅಲ್ಲ. ರೂಮಿಯವರಲ್ಲಿ ಓಡುವವನನ್ನು ಒಯ್ಯುವುದು ಗಾಳಿ, ಮಾಮ್‌ನಲ್ಲಿ ಕುದುರೆ. ಪ್ರ್ಯಾಚೆಟ್‌ನ ಡೆತ್ ಕೊಡಲು ಬರುವುದು ಕುದುರೆಯನ್ನು. ಆ ಕುದುರೆಯ ಹೆಜ್ಜೆ ಹಿಡಿದರೆ ತಲುಪುವುದು ಮಾಮ್‌ನ ಮನೆಗೇ. ಗುಪ್ತ ಸೂಚನೆಯ ಮೂಲವನ್ನು ಹುಡುಕುವಾಗ ಒಟ್ಟು ಕಥೆಯ ಹೋಲಿಕೆ ಸಾಲದು. ಬೇರೆ ರೂಪಗಳಲ್ಲಿ ಇಲ್ಲದ ಒಂದು ಸಣ್ಣ ಸಾಮಾನು ಸಿಗಬೇಕು.

ಆದರೆ ಮೂಲ ಗೊತ್ತಾದಲ್ಲಿಗೆ ಚೀಟಿಯ ಕೆಲಸ ಮುಗಿಯುತ್ತದೆ, ಓದಿನ ಕೆಲಸ ಶುರುವಾಗುತ್ತದೆ. ಉರ್ದು ಕಾವ್ಯದಲ್ಲಿ ಹಳೆಯ ಕಥೆಯೊಂದನ್ನು ಒಂದೇ ಪದದಲ್ಲಿ ನೆನಪಿಸುವುದಕ್ಕೆ ‘ತಲ್ಮೀಹ್’ ಎನ್ನುತ್ತಾರೆ. ಕಥೆಯನ್ನು ಗುರುತಿಸುವುದು ಅಲ್ಲಿ ಮೊದಲ ಮೆಟ್ಟಿಲು ಮಾತ್ರ. ಕವಿ ಅದನ್ನು ಎತ್ತ ತಿರುಗಿಸಿದ ಎಂಬುದು ಮುಖ್ಯ. ಇಲ್ಲಿನ ತಿರುವು ನೋಡಿ. ಹಳೆಯ ಕಥೆಗಳಲ್ಲಿ ಮನುಷ್ಯ ಓಡುತ್ತಾನೆ, ಓಟವೇ ಅವನನ್ನು ವಿಧಿಗೆ ಒಪ್ಪಿಸುತ್ತದೆ. ಇಲ್ಲಿ ಹೇಡಿಯೊಬ್ಬ ಕುದುರೆ ಬೇಡವೆನ್ನುತ್ತಾನೆ, ವಿಧಿಯ ಲೆಕ್ಕವೇ ಕೆಡುತ್ತದೆ. ಹೇಡಿತನಕ್ಕೂ ಒಂದು ವಿವೇಕವಿದೆ ಎನ್ನುವ ನಗು ಇದು.

1983ರ ಡೆತ್ ಒಬ್ಬ ಸಿಡುಕು ನೌಕರ. ಪುಸ್ತಕಗಳು ಬಂದಂತೆಲ್ಲ ಅವನು ಬದಲಾದ. ಒಂದೇ ತಮಾಷೆಯನ್ನು ಮತ್ತೆ ಮತ್ತೆ ಮಾಡಿದರೆ ಅದು ಸಾಮಾನ್ಯವಾಗಿ ಹಳಸುತ್ತದೆ. ಹಳಸಿದೆಯೇ ಎಂದು ತಿಳಿಯಲು ಅದನ್ನು ದೃಶ್ಯದಿಂದ ತೆಗೆದು ನೋಡಬೇಕು. ಏನೂ ಕಡಿಮೆಯಾಗದಿದ್ದರೆ ಅದು ಬರೀ ಅಭ್ಯಾಸ. 1992ರ ‘ಸ್ಮಾಲ್ ಗಾಡ್ಸ್’ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಅದರಲ್ಲಿ ವೋರ್ಬಿಸ್ ಎಂಬ ಧರ್ಮಾಧಿಕಾರಿ ಇದ್ದಾನೆ. ದೇವರ ಹೆಸರಿನಲ್ಲಿ ಹಿಂಸಿಸುವವನು, ಆದರೆ ಒಳಗೆ ತನ್ನ ದನಿಯೊಂದನ್ನು ಬಿಟ್ಟು ಬೇರೇನನ್ನೂ ಕೇಳದವನು. ಸತ್ತಾಗ ಅವನಿಗೂ ಡೆತ್ ಎದುರಾಗುತ್ತಾನೆ. ಮುಂದೆ ಒಂದು ಮರುಭೂಮಿ, ಒಬ್ಬನೇ ದಾಟಬೇಕು. ವೋರ್ಬಿಸ್‌ಗೆ ಕಾಲೇ ಏಳುವುದಿಲ್ಲ.

ನೂರು ವರ್ಷದ ನಂತರ, ಅವನಿಂದ ಹಿಂಸೆಗೊಳಗಾಗಿದ್ದ ಬ್ರುಥಾ ಸಾಯುತ್ತಾನೆ. ವೋರ್ಬಿಸ್ ಇನ್ನೂ ಅಲ್ಲೇ ಮುದುಡಿ ಕೂತಿದ್ದಾನೆ. ಅವನು ಕೊಲೆಗಾರನೆಂದು ಡೆತ್ ನೆನಪಿಸುತ್ತಾನೆ. ಬ್ರುಥಾ ಅದನ್ನು ಅಲ್ಲಗಳೆಯುವುದಿಲ್ಲ. ಆದರೂ ಅವನನ್ನು ಎಬ್ಬಿಸಿ ಮರಳಿನ ಮೇಲೆ ಜೊತೆಗೆ ಕರೆದೊಯ್ಯುತ್ತಾನೆ. ದೃಶ್ಯದ ಚೌಕಟ್ಟು ಹಳೆಯದೇ, ಅದೇ ಸತ್ತವನು, ಅದೇ ದೊಡ್ಡಕ್ಷರ. ಆ ಹೊತ್ತಿಗೆ ಹತ್ತಾರು ಬಾರಿ ನಕ್ಕಿರುವ ಓದುಗ ಈ ಸಲವೂ ನಗಲು ಸಿದ್ಧನಾಗಿರುತ್ತಾನೆ, ನಗು ಗಂಟಲಲ್ಲೇ ನಿಲ್ಲುತ್ತದೆ. ಅಷ್ಟು ಸಲದ ತಮಾಷೆ ಇಲ್ಲದಿದ್ದರೆ ಈ ಕ್ಷಮೆ ಬರೀ ಉಪದೇಶವಾಗುತ್ತಿತ್ತು.

2007ರ ಡಿಸೆಂಬರಿನಲ್ಲಿ ಪ್ರ್ಯಾಚೆಟ್ ತಮಗೆ ಅಪರೂಪದ ಬಗೆಯ ಅಲ್‌ಝೈಮರ್ಸ್ ಇರುವುದನ್ನು ತಿಳಿಸಿದರು. ನಂತರವೂ ಬರೆದರು. 2015ರ ಮಾರ್ಚ್ 12ರಂದು ತೀರಿಕೊಂಡರು. ಸುದ್ದಿ ಹೊರಬಿದ್ದದ್ದು ಅವರದೇ ಟ್ವಿಟರ್ ಖಾತೆಯಿಂದ, ಮೂರು ಪುಟ್ಟ ಸಂದೇಶಗಳಲ್ಲಿ. ಮೊದಲನೆಯದು ಪೂರ್ತಿ ದೊಡ್ಡಕ್ಷರಗಳಲ್ಲಿತ್ತು. ಡೆತ್ ಅವರನ್ನು ಜೊತೆಗೆ ನಡೆಯಲು ಕರೆದಿದ್ದ. ಎರಡನೆಯದರಲ್ಲಿ ಅವರು ಅವನ ತೋಳು ಹಿಡಿದು ಬಾಗಿಲುಗಳನ್ನು ದಾಟಿ ಕಪ್ಪು ಮರುಭೂಮಿಗೆ ಹೋಗಿದ್ದರು. ಮೂರನೆಯದು, ಮುಗಿಯಿತು ಎಂಬಷ್ಟೇ.

ಯಾವ ಸಂದೇಶದಲ್ಲೂ ವಿವರಣೆ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ದೊಡ್ಡಕ್ಷರ ಕಂಡೊಡನೆ ಓದುಗರಿಗೆ ಬಂದವನು ಯಾರೆಂದು ತಿಳಿಯಿತು. ಮರುಭೂಮಿ ಎಂದೊಡನೆ ಬ್ರುಥಾ ನೆನಪಾದ, ಅಲ್ಲಿ ಕೈಹಿಡಿದು ನಡೆಸಿದರೆ ಏನರ್ಥವೆಂಬುದೂ ನೆನಪಾಯಿತು. ಆ 39 ಪುಸ್ತಕಗಳಲ್ಲಿ ಅವನು ಯಾಕೆ ಬರುತ್ತಿದ್ದ ಎಂಬುದಕ್ಕೆ ನಮ್ಮ ಉತ್ತರ ಇದು: ಓದುಗರಿಗೆ ಅವನ ಪರಿಚಯ ಮಾಡಿಸಲು, ಕೊನೆಗೆ ಬಂದಾಗ ಅಪರಿಚಿತ ಎನಿಸದಿರಲು. ಆ ಹುಡುಗ ಮತ್ತೆ ಸಿಕ್ಕರೆ ಹೇಳಬೇಕೆಂದಿದ್ದೇವೆ, ಆ ಎರಡು ಹೆಸರುಗಳನ್ನು ಮರೆತರೂ ಚಿಂತೆಯಿಲ್ಲ, ಉಳಿದವುಗಳಲ್ಲಿ ಒಂದನ್ನಾದರೂ ಓದಪ್ಪಾ ಎಂದು.