ಹದಿನಾರು ಅಂಕದ ರೋಜಾ

ಪರೀಕ್ಷಾ ಹಾಲಿನಿಂದ ಹೊರಗೆ ಬಂದ ಕೂಡಲೇ ನಮ್ಮ ಕಡೆ ಹುಡುಗರು ಕೇಳುವ ಮೊದಲ ಪ್ರಶ್ನೆ, "ಎಷ್ಟ್ ಅಡಿಷನಲ್ ತಗೊಂಡಿ?" ಏನು ಬರೆದೆ ಅಂತ ಯಾರೂ ಕೇಳೋದಿಲ್ಲ. ಮೂರು ಅಡಿಷನಲ್ ಶೀಟು ಕಟ್ಟಿದವನು ಗೆದ್ದ ಹಾಗೆ, ಬುಕ್‌ಲೆಟ್ಟಿನಲ್ಲೇ ಮುಗಿಸಿದವನು ಸೋತ ಹಾಗೆ. ದೀರ್ಘ ಉತ್ತರ ಅನ್ನುವುದರಲ್ಲಿ 'ದೀರ್ಘ' ಅನ್ನೋ ಪದವನ್ನು ಮಾತ್ರ ನಾವು ನಂಬಿದ್ದೇವೆ, 'ಉತ್ತರ' ಅನ್ನೋದನ್ನು ಮರೆತಿದ್ದೇವೆ. ಆ ಬರಹವನ್ನೂ ಒಂದು ಕತೆಯನ್ನೋ ಲೇಖನವನ್ನೋ ಓದಿ ವಿಮರ್ಶೆ ಮಾಡಿದ ಹಾಗೆ ಯಾಕೆ ಮಾಡಬಾರದು? ಎಷ್ಟೆಂದರೂ ಪದವಿ ಮುಗಿಸಿದ ಎಲ್ಲರೂ ತಮ್ಮ ಜೀವನದಲ್ಲಿ ಅತಿ ಹೆಚ್ಚು ಬರೆದಿರುವ ಸಾಹಿತ್ಯ ಪ್ರಕಾರ ಅದೇ.

ಉದಾಹರಣೆಗೆ ಕಲಬುರಗಿಯದೇ ಒಂದು ಪ್ರಶ್ನೆ ತಗೊಳ್ಳೋಣ. ಇತಿಹಾಸ ಪತ್ರಿಕೆ, 80 ಅಂಕ, ಮೂರು ಗಂಟೆ, ತಲಾ 16 ಅಂಕದ ಐದು ಪ್ರಶ್ನೆಗೆ ಉತ್ತರ ಬರೀಬೇಕು ಅಂದುಕೊಳ್ಳಿ. ಪ್ರಶ್ನೆ ಹೀಗಿದೆ: 'ಬಹಮನಿ ರಾಜ್ಯದಲ್ಲಿ ಸೂಫಿ ಸಂತರ ರಾಜಕೀಯ ಪಾತ್ರವನ್ನು ವಿಮರ್ಶಿಸಿ.' ರೋಜಾದಲ್ಲಿ ಹುಟ್ಟಿ ಬೆಳೆದ ಹುಡುಗ ಅಥವಾ ಹುಡುಗಿಗೆ ಇದನ್ನು ಓದಿದ ತಕ್ಷಣ ಖುಷಿ. ಖಾಜಾ ಬಂದೇ ನವಾಜ್ ದರ್ಗಾ ಇರೋದು ಅಲ್ಲೇ. ರೋಜಾ ಅನ್ನೋ ಹೆಸರು ಬಂದದ್ದೇ 'ರೌಜಾ' ಅಂದರೆ ಗೋರಿ ಇರುವ ಪವಿತ್ರ ಸ್ಥಳ ಅನ್ನೋದರಿಂದ. ಉರುಸು, ಗುಮ್ಮಟ, ಸಂದಲ್ ಎಲ್ಲ ಕಣ್ಣಾರೆ ಕಂಡದ್ದು. ಪೆನ್ನು ಓಡೋಕೆ ಶುರುವಾಗುತ್ತದೆ, ತೊಂದರೆಯೂ ಅಲ್ಲಿಂದಲೇ ಶುರು.

ಇಂಥ ಉತ್ತರ ಸಾಮಾನ್ಯವಾಗಿ ಹೇಗಿರುತ್ತದೆ ಅಂತ ನೋಡಿ. ಮೊದಲ ಪುಟ ಪೀಠಿಕೆ: ಭಾರತ ಸಂತರ ನಾಡು, ದಖ್ಖನ್ನಿನ ಇತಿಹಾಸದಲ್ಲಿ ಬಹಮನಿಗಳಿಗೆ ವಿಶಿಷ್ಟ ಸ್ಥಾನವಿದೆ, 1347ರಲ್ಲಿ ಅಲ್ಲಾವುದ್ದೀನ್ ಹಸನ್ ಬಹಮನ್ ಷಾ ರಾಜ್ಯ ಕಟ್ಟಿದ. ಎರಡನೇ ಪುಟ ಸೂಫಿ ಪಂಥ ಅಂದರೇನು, ಎಷ್ಟು ಶಾಖೆಗಳು. ಮೂರನೇ ಪುಟ ಬಂದೇ ನವಾಜರ ಜನನ, ಗುರು, ದೆಹಲಿ ಬಿಟ್ಟದ್ದು, ಬರೆದ ಗ್ರಂಥಗಳು. ನಾಲ್ಕನೇ ಪುಟ ಉರುಸು, ಹಿಂದೂ ಮುಸ್ಲಿಂ ಭಾವೈಕ್ಯ. ಕೊನೆಗೆ 'ಹೀಗೆ ಸೂಫಿ ಸಂತರ ಪಾತ್ರ ಅಪಾರವಾದುದು' ಅಂತ ಉಪಸಂಹಾರ.

ಇದರಲ್ಲಿ ಒಂದು ವಾಕ್ಯವೂ ಸುಳ್ಳಲ್ಲ. ಆದರೆ ಕೇಳಿದ್ದಕ್ಕೆ ಒಂದು ವಾಕ್ಯವೂ ಉತ್ತರವಲ್ಲ. ಪ್ರಶ್ನೆ ಸಂತರ ಬಗ್ಗೆ ಇಲ್ಲ, ಸಂತರಿಗೂ ಸಿಂಹಾಸನಕ್ಕೂ ಇದ್ದ ಸಂಬಂಧದ ಬಗ್ಗೆ ಇದೆ. ಮೌಲ್ಯಮಾಪಕರು ನಾಲ್ಕು ಪುಟ ತಿರುವಿ 'ರಾಜಕೀಯ' ಅನ್ನೋದು ಎಲ್ಲಿದೆ ಅಂತ ಹುಡುಕುತ್ತಾರೆ, ಸಿಗೋದಿಲ್ಲ, ಏಳೋ ಎಂಟೋ ಹಾಕಿ ಮುಂದೆ ಹೋಗುತ್ತಾರೆ. ಓದದೇ ಬಂದವನಿಗೆ ಹೀಗಾದರೆ ಸರಿ. ವಿಷಯ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರಿಗೇ ಹೀಗಾಗೋದು ಬೇಜಾರಿನ ಸಂಗತಿ. ತನ್ನ ಓಣಿಯ ಬಗ್ಗೆ ಗೊತ್ತಿರೋದೆಲ್ಲ ಹೇಳಿಬಿಡಬೇಕು ಅನ್ನೋ ಪ್ರೀತಿಯೇ ಅಂಕ ತಿಂದುಹಾಕುತ್ತದೆ.

ಅಂಕಗಳ ಜೊತೆಗೆ ಅದು ಸಮಯವನ್ನೂ ತಿನ್ನುತ್ತದೆ. ಮೂರು ಗಂಟೆ ಅಂದರೆ 180 ನಿಮಿಷ. ಪ್ರಶ್ನೆಪತ್ರಿಕೆ ಓದಿ ಆಯ್ಕೆ ಮಾಡೋಕೆ 10, ಕೊನೆಗೆ ಸಂಖ್ಯೆ, ಹೆಸರು, ತಪ್ಪು ನೋಡೋಕೆ 10 ತೆಗೆದರೆ 160 ಉಳಿಯುತ್ತದೆ. ಐದು ಪ್ರಶ್ನೆಗೆ ಹಂಚಿದರೆ ತಲಾ 32 ನಿಮಿಷ, ಅಂದರೆ ಅಂಕಕ್ಕೆ ಎರಡು ನಿಮಿಷ. ರೋಜಾ ಪ್ರಶ್ನೆಗೆ ಖುಷಿಯಲ್ಲಿ 50 ನಿಮಿಷ ಕೊಟ್ಟವರಿಗೆ ಉಳಿದ ನಾಲ್ಕಕ್ಕೆ ಸಿಗೋದು 110. ಎರಡನೆಯದಕ್ಕೂ 40 ಹೋದರೆ ಕೊನೆಯ ಮೂರಕ್ಕೆ 70. ವಾರ್ನಿಂಗ್ ಬೆಲ್ ಹೊಡೆದಾಗ ಐದನೇ ಉತ್ತರ ಇನ್ನೂ ಮೊದಲ ಪ್ಯಾರಾದಲ್ಲಿರುತ್ತದೆ. ಲೆಕ್ಕ ಸರಳ: ಚೆನ್ನಾಗಿ ಬಂದ ಉತ್ತರಕ್ಕೆ ಕೊಟ್ಟ ಹೆಚ್ಚುವರಿ 18 ನಿಮಿಷ ಒಂದೋ ಎರಡೋ ಅಂಕ ತರಬಹುದು. ಅದೇ 18 ನಿಮಿಷ ಖಾಲಿ ಉಳಿದ ಉತ್ತರಕ್ಕೆ ಹೋಗಿದ್ದರೆ ಏಳೆಂಟು ಬರುತ್ತಿತ್ತು. ಯಾವ ಉತ್ತರದಲ್ಲೂ ಮೊದಲಿನ ಅಂಕಗಳು ಅಗ್ಗ, ಕೊನೆಯವು ದುಬಾರಿ.

ಹಾಗಾದರೆ 32 ನಿಮಿಷದಲ್ಲಿ ಏನು ಮಾಡಬಹುದು? ಮೊದಲು ನಿಮ್ಮ ಕೈಯ ವೇಗ ಗೊತ್ತಿರಬೇಕು. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಕನ್ನಡದಲ್ಲಿ ಒಂದು ಪುಟ ಬರೆದು ನೋಡಿ. ಹತ್ತು ನಿಮಿಷ ಬೇಕಾಯಿತು ಅನ್ನಿ. ಯೋಚನೆಗೆ ನಾಲ್ಕು, ಮರು ಓದಿಗೆ ಮೂರು ತೆಗೆದರೆ ಬರೆಯೋಕೆ 25 ನಿಮಿಷ, ಅಂದರೆ ಎರಡೂವರೆ ಪುಟ. ನಿಮ್ಮ ಜಾಗ ಅಷ್ಟೇ. ಅದರಲ್ಲಿ ಒಂದು ಪುಟ ಪೀಠಿಕೆಗೆ ಕೊಡೋದು ಅಂದರೆ ಎರಡು ಕೋಣೆಯ ಮನೆಯಲ್ಲಿ ಒಂದು ಕೋಣೆ ಚಪ್ಪಲಿಗೆ ಬಿಟ್ಟ ಹಾಗೆ.

ಆ ನಾಲ್ಕು ನಿಮಿಷ ಬುಕ್‌ಲೆಟ್ಟಿನ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಕಳೆಯಬೇಕು, ಆಮೇಲೆ ಅಡ್ಡಗೆರೆ ಎಳೆದರಾಯಿತು. ಮೊದಲು ಪ್ರಶ್ನೆಯಲ್ಲಿ ಎರಡು ಪದಕ್ಕೆ ಗೆರೆ: 'ರಾಜಕೀಯ', 'ವಿಮರ್ಶಿಸಿ'. ವಿವರಿಸಿ ಅಂದಿದ್ದರೆ ಏನಾಯಿತು ಅಂತ ಹೇಳಿದರೆ ಸಾಕಿತ್ತು. ವಿಮರ್ಶಿಸಿ ಅಂದಾಗ ಒಂದು ನಿಲುವು ಬೇಕು, ಅದಕ್ಕೆ ಆಧಾರ ಬೇಕು, ಆ ಆಧಾರ ಎಷ್ಟು ಗಟ್ಟಿ ಅಂತಲೂ ನೋಡಬೇಕು. ಆಮೇಲೆ ನಿಲುವನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಬೇಕು: 'ಸೂಫಿಗಳು ಸುಲ್ತಾನರಿಗೆ ಮಾನ್ಯತೆ ಕೊಟ್ಟರು, ಆದರೆ ಕೊಟ್ಟವರಿಗೆ ಹಿಂದಕ್ಕೆ ಪಡೆಯುವ ಶಕ್ತಿಯೂ ಇತ್ತು.' ಈಗ ಇದಕ್ಕೆ ಮೂರು ಆಧಾರ ಹುಡುಕಿದರೆ ಮೂರು ಪ್ಯಾರಾ ಸಿಕ್ಕವು.

ರೋಜಾದವರಿಗೆ ಈ ಆಧಾರಗಳು ಊರಿನ ನಕ್ಷೆಯಲ್ಲೇ ಇವೆ. ಕಲಬುರಗಿಯಲ್ಲಿ ಇರೋದು ಒಂದು ರೋಜಾ ಅಲ್ಲ. ಶೇಖ್ ರೋಜಾ ಬೇರೆ ಇದೆ, ಅಲ್ಲಿರೋದು ಶೇಖ್ ಸಿರಾಜುದ್ದೀನ್ ಜುನೈದಿ ಅವರ ದರ್ಗಾ. ಬಹಮನಿ ಮನೆತನದ ಮೊದಲ ಸುಲ್ತಾನರಿಗೆ ಆಶೀರ್ವಾದ ಮಾಡಿದ ಸಂತ ಅವರು. ದೆಹಲಿಯಿಂದ ಸಿಡಿದು ಬಂದ ಹೊಸ ರಾಜನಿಗೆ 'ಇವನು ನಿಜವಾದ ಸುಲ್ತಾನ' ಅಂತ ಜನ ಒಪ್ಪಬೇಕಾದರೆ ಅಂಥವರ ಕೈ ತಲೆಯ ಮೇಲೆ ಬೇಕಿತ್ತು. ಇದು ಮೊದಲ ಪ್ಯಾರಾ: ಮಾನ್ಯತೆ.

ಎರಡನೆಯದು ನಿರಾಕರಣೆ. ಎರಡನೇ ಸುಲ್ತಾನ ಒಂದನೇ ಮುಹಮ್ಮದ್ ಷಾ ಎಲ್ಲ ಸಂತರಿಂದ ನಿಷ್ಠೆ ಕೇಳಿದಾಗ ದೌಲತಾಬಾದಿನ ಜೈನುದ್ದೀನ್ ಶಿರಾಜಿ ಒಪ್ಪಲಿಲ್ಲ, ಸುಲ್ತಾನ ಮದ್ಯಪಾನದಂಥ ನಡತೆ ಬಿಡಬೇಕು ಅಂತ ಪಟ್ಟು ಹಿಡಿದರು. ಈ ಒಂದು ಉದಾಹರಣೆ ಇದ್ದರೆ ಸಾಕು, ಸೂಫಿಗಳೆಲ್ಲ ದರ್ಬಾರಿನ ಹೊಗಳುಭಟ್ಟರು ಅನ್ನೋ ಸರಳ ಉತ್ತರ ಬಿದ್ದುಹೋಗುತ್ತದೆ.

ಮೂರನೆಯದರಲ್ಲಿ ಬಂದೇ ನವಾಜರು ಬರುತ್ತಾರೆ, ಆದರೆ ಜೀವನಚರಿತ್ರೆಯಾಗಿ ಅಲ್ಲ, ಪುರಾವೆಯಾಗಿ. ತೈಮೂರನ ದಾಳಿಯ ಹೊತ್ತಿಗೆ ದೆಹಲಿ ಬಿಟ್ಟ ಅವರನ್ನು ಫಿರೋಜ್ ಷಾ ಗೌರವದಿಂದ ಬರಮಾಡಿಕೊಂಡ. ಆಮೇಲೆ ಸಂಬಂಧ ಕೆಟ್ಟಿತು. ಕೋಟೆಯ ಹತ್ತಿರ ಅವರ ಖಾನ್ಖಾಕ್ಕೆ ಜನ ಸೇರೋದು ಹೆಚ್ಚಾಗಿ, ಅಲ್ಲಿಂದ ದೂರ ಹೋಗಿ ಅಂತ ಸುಲ್ತಾನ ಹೇಳಿಕಳಿಸಿದ, ಅವರು ಈಗಿನ ದರ್ಗಾ ಇರುವ ಕಡೆ ಬಂದು ನೆಲೆಸಿದರು ಅಂತ ಚರಿತ್ರೆಕಾರ ಫಿರಿಶ್ತಾ ಬರೆಯುತ್ತಾನೆ. ಅಂದರೆ ರೋಜಾ ಈಗಿರುವ ಜಾಗದಲ್ಲಿ ಇರೋದೇ ಒಂದು ರಾಜಕೀಯ ಜಗಳದ ಗುರುತು! ಮಗನನ್ನು ಉತ್ತರಾಧಿಕಾರಿ ಮಾಡುವೆ, ಹರಸಿ ಅಂತ ಫಿರೋಜ್ ಕೇಳಿದಾಗ ಅವರು ಹರಸಲಿಲ್ಲ, ಸುಲ್ತಾನನ ತಮ್ಮ ಅಹ್ಮದನ ಕಡೆ ನಿಂತರು. 1422ರಲ್ಲಿ ಅಹ್ಮದ್ ಷಾ ಪಟ್ಟಕ್ಕೆ ಬಂದ, ಅದೇ ವರ್ಷ ಬಂದೇ ನವಾಜರು ತೀರಿಕೊಂಡರು. ಗಲ್ಲಿಯಲ್ಲಿ ಅಡ್ಡಾಡಿದವರಿಗೆ ಮಾತ್ರ ಹೊಳೆಯುವ ಈ ಅಂಶ ಗೈಡಿನಿಂದ ಬಾಯಿಪಾಠ ಮಾಡಿದ ಉತ್ತರದಲ್ಲಿ ಸಿಗೋದು ಕಷ್ಟ. ಪ್ರೀತಿ ಕೆಲಸಕ್ಕೆ ಬರೋದು ಹೀಗೆ.

ಉಳಿದ ಅರ್ಧ ಪುಟದಲ್ಲಿ ವಿಮರ್ಶೆಯ ಪಾಲು. ಫಿರಿಶ್ತಾ ಈ ಕತೆ ಬರೆದದ್ದು ಹದಿನೇಳನೇ ಶತಮಾನದ ಆರಂಭದಲ್ಲಿ, ಬಿಜಾಪುರದ ಆದಿಲ್‌ಶಾಹಿ ಆಶ್ರಯದಲ್ಲಿ, ಘಟನೆ ನಡೆದು ಸುಮಾರು ಎರಡು ಶತಮಾನ ಆದ ಮೇಲೆ. ಗೆದ್ದವನು ಅಹ್ಮದ್ ಷಾ ಅಂತ ಗೊತ್ತಿದ್ದಾಗ ಸಂತರು ಮೊದಲೇ ಅವನನ್ನು ಆರಿಸಿದ್ದರು ಅನ್ನೋ ಕತೆ ಹುಟ್ಟೋದು ಸುಲಭ. ಜೊತೆಗೆ ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದು, ಇರಾನಿನ ಕಿರ್ಮಾನಿನ ಷಾ ನಿಯಾಮತುಲ್ಲಾರ ಮನೆತನಕ್ಕೆ ಆಹ್ವಾನ ಕಳಿಸಿದ. ಸಂತ ಸುಲ್ತಾನನನ್ನು ಆರಿಸಿದ ಹಾಗೆ ಸುಲ್ತಾನನೂ ಸಂತನನ್ನು ಆರಿಸಬಲ್ಲವನಾಗಿದ್ದ. ಉತ್ತರ ಇಲ್ಲಿಗೆ ನಿಲ್ಲಬೇಕು. 'ಹೀಗೆ ಅಪಾರವಾದುದು' ಬೇಡ.

ಬಿಟ್ಟದ್ದು ಏನೇನು ಅಂತ ನೋಡಿ: ಹುಟ್ಟಿದ ವರ್ಷ, ಗ್ರಂಥಗಳು, ಸೂಫಿ ಶಾಖೆಗಳು, ಉರುಸು. ಎಲ್ಲವೂ ಗೊತ್ತಿದ್ದು ಬಿಟ್ಟದ್ದು. ನಮ್ಮ ತರಗತಿಗಳಲ್ಲಿ ಕಲಿಸದೇ ಇರೋದು ಈ ಬಿಡುವ ಕೆಲಸವನ್ನೇ. ಬರೆಯುವಾಗ ದಾರಿ ತಪ್ಪಿದೆಯೇ ಅಂತ ತಿಳಿಯೋಕೆ ಒಂದು ಉಪಾಯ ಇದೆ. ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನಷ್ಟೇ ಓದುತ್ತಾ ಹೋಗಿ. ಅವನ್ನು ಜೋಡಿಸಿದರೆ ಪ್ರಶ್ನೆಗೆ ಉತ್ತರವಾಗಬೇಕು. 'ಬಂದೇ ನವಾಜರು ದೆಹಲಿಯಲ್ಲಿ ಜನಿಸಿದರು' ಅಂತ ಒಂದು ಪ್ಯಾರಾ ಶುರುವಾಗಿದ್ದರೆ ಅಲ್ಲೇ ಪೆನ್ನು ನಿಲ್ಲಿಸಿ. ಸಮಯ ಮುಗಿಯುತ್ತಾ ಬಂದು ಒಂದು ಪ್ಯಾರಾ ಮಾತ್ರ ಉಳಿದಿದ್ದರೆ ಎರಡನೆಯದನ್ನು ಒಂದು ಸಾಲಿಗೆ ಇಳಿಸಿ, ಆಧಾರದ ವಿಮರ್ಶೆಯನ್ನು ಮಾತ್ರ ಬಿಡಬೇಡಿ, ಕೇಳಿದ್ದೇ ಅದನ್ನು.

ತಪ್ಪೆಲ್ಲ ವಿದ್ಯಾರ್ಥಿಗಳದ್ದು ಅಂತ ಹೇಳಿದರೆ ಅನ್ಯಾಯ. ವರ್ಷ ವರ್ಷವೂ ಅದೇ ಪ್ರಶ್ನೆಯನ್ನು 'ವಿವರಿಸಿ' ಅಂತ ಕೇಳುವ ಪತ್ರಿಕೆ ಬಾಯಿಪಾಠವನ್ನೇ ಬೇಡುತ್ತದೆ. ಕೇಂದ್ರ ಮೌಲ್ಯಮಾಪನದಲ್ಲಿ ಕಟ್ಟುಗಟ್ಟಲೆ ಬುಕ್‌ಲೆಟ್ ಮುಂದೆ ಕೂತವರು ಒಮ್ಮೊಮ್ಮೆ ದಪ್ಪ ನೋಡಿಯೇ ಅಂಕ ಹಾಕಬಹುದು, ಅಂಥ ಕಡೆ ಎರಡೂವರೆ ಪುಟಕ್ಕೆ ನ್ಯಾಯ ಸಿಗದೇ ಇರಬಹುದು. ಓದದೇ ಹೋದವರಿಗೆ ನಾಲ್ಕು ನಿಮಿಷದ ಯೋಜನೆ ಏನೂ ಕೊಡೋದಿಲ್ಲ. ಆದರೆ ತನ್ನ ಓಣಿಯ ಹೆಸರು ಪ್ರಶ್ನೆಪತ್ರಿಕೆಯಲ್ಲಿ ಬಂದಾಗ ಒಬ್ಬ ಹುಡುಗಿ ಭಕ್ತಿಯಿಂದ ನಾಲ್ಕು ಪುಟ ತುಂಬಿಸಿ ಏಳು ಅಂಕ ತಗೊಂಡು ಬಂದರೆ, ಇತಿಹಾಸ ತನಗೆ ಬರೋದಿಲ್ಲ ಅಂತ ಅವಳು ನಂಬಿಬಿಡುತ್ತಾಳೆ. ಇತಿಹಾಸ ಅವಳಿಗೆ ಬರುತ್ತದೆ. ಅದನ್ನು ಕೇಳಿದ ಪ್ರಶ್ನೆಗೆ ತಕ್ಕಂತೆ ಕತ್ತರಿಸಬೇಕು ಅಂತ ಯಾರೂ ಅವಳಿಗೆ ಹೇಳಿಲ್ಲ, ಅಷ್ಟೇ.