ಸಂಬಳ ಮೊದಲ ಚಿತ್ರದಲ್ಲೇ

ಬೆಂಗಳೂರಿನ ಪುಟ್ಟ ಸ್ಟಾರ್ಟಪ್ ಒಂದು ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ್ದ ನೇಮಕಾತಿ ಕ್ಯಾರೊಸೆಲ್ ಅನ್ನು ಕೊನೆಯ ಚಿತ್ರದವರೆಗೂ ಸರಿಸಿ ಓದಿದೆ. ಇಂಥವನ್ನು ಸಾಮಾನ್ಯವಾಗಿ ಎರಡನೆಯದಕ್ಕೇ ಬಿಟ್ಟುಬಿಡುತ್ತೇನೆ. ಇಲ್ಲಿ ಹುದ್ದೆ, ಜಾಗ, ಸಂಬಳ ಮೂರೂ ಮೊದಲ ಚಿತ್ರದಲ್ಲೇ ಇದ್ದವು: ಗ್ರಾಹಕ ಸೇವೆ, ಜಯನಗರ, ತಿಂಗಳಿಗೆ 32ರಿಂದ 38 ಸಾವಿರ. ‘ಅರ್ಹತೆಗೆ ತಕ್ಕ ಆಕರ್ಷಕ ವೇತನ’ ಎಂಬ ಜಾರಿಕೆಯ ಮಾತಿಲ್ಲ.

ತುಂಬ ಹಿಡಿಸಿದ್ದು ಕೆಲಸದ ವಿವರ. ದಿನಕ್ಕೆ ಸುಮಾರು 40 ಕರೆ ಬರುತ್ತವೆ, ಅರ್ಧದಷ್ಟು ‘ದುಡ್ಡು ಕಟ್ ಆಯ್ತು, ಆರ್ಡರ್ ಆಗ್ಲಿಲ್ಲ’ ಅನ್ನುವವು. ವಹಿವಾಟಿನ ಸಂಖ್ಯೆ ಕೇಳಿ, ಹಣ ಎಲ್ಲಿ ನಿಂತಿದೆ ಎಂದು ಹುಡುಕಿ, ವಾಪಸ್ ಕೊಡಿಸಬೇಕು. ಇದು ತನ್ನಿಂದಾಗುತ್ತದೋ ಇಲ್ಲವೋ ಎಂದು ಓದುವವರಿಗೆ ಅಲ್ಲೇ ಗೊತ್ತಾಗಿಬಿಡುತ್ತದೆ. ತಂಡದ ಬಗ್ಗೆಯೂ ಅಷ್ಟೇ. ‘ನಾವೆಲ್ಲ ಒಂದೇ ಕುಟುಂಬ’ ಎನ್ನುವ ಬದಲು, ತಿಂಗಳಿಗೆ ಎರಡು ಶನಿವಾರ ಕೆಲಸವಿದೆ, ಬದಲಿ ರಜೆ ಸಿಗುತ್ತದೆ ಎಂದಿದ್ದರು. (ಕುಟುಂಬದಲ್ಲಿ ಬದಲಿ ರಜೆ ಯಾರು ಕೊಡುತ್ತಾರೆ!)

ಅರ್ಜಿಯೂ ಸರಳ: ಬಯೋಡೇಟಾ, ಅರ್ಧ ಗಂಟೆಯ ಫೋನ್ ಮಾತು, ಒಂದು ಭೇಟಿ. ಆಯ್ಕೆಯಾಗದಿದ್ದರೂ 10 ದಿನದೊಳಗೆ ಉತ್ತರ. ಚಿತ್ರದೊಳಗಿನ ಅಕ್ಷರಗಳನ್ನು ದೃಷ್ಟಿಯಿಲ್ಲದವರ ಸ್ಕ್ರೀನ್ ರೀಡರ್ ಸರಿಯಾಗಿ ಓದದೆ ಹೋಗಬಹುದೆಂದು ಇಷ್ಟನ್ನೂ ಕೆಳಗಿನ ಬರಹದಲ್ಲಿ ಮತ್ತೆ ಕೊಟ್ಟಿದ್ದರು. ಕೊನೆಯ ದಿನಾಂಕವನ್ನು ಮಾತ್ರ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಮೂಲೆಗೆ ತಳ್ಳಿದ್ದೇಕೋ ತಿಳಿಯಲಿಲ್ಲ.