ಮೊಸರಿನ ಮಂಗಮ್ಮ ಬಾನುಲಿಗೆ ಬಂದರೆ

ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಕತೆಯನ್ನು ಓದಿದವರಿಗೆಲ್ಲ ಇದು ಬಾನುಲಿ ನಾಟಕಕ್ಕೆ ಹೇಳಿ ಮಾಡಿಸಿದ ಕತೆ ಅನ್ನಿಸುತ್ತದೆ. ಪಾತ್ರಗಳು ನಾಲ್ಕೈದೇ, ಜಗಳವಿದೆ, ಕತೆ ಪೂರಾ ಮಾತಿನಲ್ಲೇ ನಡೆಯುತ್ತದೆ. ರೂಪಾಂತರ ಮಾಡುವವರು ಎಡವುವುದು ಈ ಸಲೀಸಿನಿಂದಲೇ.

ಮೊದಲ ತಪ್ಪು ಹೀಗೆ ಆಗುತ್ತದೆ. ಕತೆಯಲ್ಲಿ ಮಂಗಮ್ಮ ತನ್ನ ಗೋಳನ್ನು ಮೊಸರು ಕೊಳ್ಳುವ ಮನೆಯಾಕೆಗೆ ಹೇಳಿಕೊಳ್ಳುತ್ತಾಳೆ. ಆ ಮನೆಯಾಕೆ ನಮಗೆ ಹೇಳುತ್ತಾಳೆ. ನಾಟಕ ಬರೆಯುವವರು ಮನೆಯಾಕೆಯನ್ನು ಕೈಬಿಟ್ಟು ಗಂಭೀರ ದನಿಯ ನಿರೂಪಕನೊಬ್ಬನನ್ನು ತರುತ್ತಾರೆ. ಆಮೇಲೆ ಅತ್ತೆ ಸೊಸೆಯರ ಜಗಳವನ್ನು ದೃಶ್ಯವಾಗಿಸುತ್ತಾರೆ: ಮಗುವಿಗೆ ಏಟು, ಅಳು, ಸೊಸೆ ನಂಜಮ್ಮನ ಕೂಗಾಟ, ನಡುವೆ ಮಗನ ಗೊಣಗಾಟ. ಕೇಳಲು ಬಿಗಿಯಾಗಿಯೇ ಇರುತ್ತದೆ. ಆದರೆ ಮೂಲದಲ್ಲಿ ಆ ಜಗಳ ಮಂಗಮ್ಮ ಹೇಳಿದ ಜಗಳ, ಒಂದು ಕಡೆಯ ಮಾತು. ಅದನ್ನು ಅಭಿನಯಿಸಿದ ಕೂಡಲೇ ಅದು ನಡೆದದ್ದೇ ಹೀಗೆ ಎಂದಾಗುತ್ತದೆ, ಸೊಸೆ ಅಲ್ಲೇ ತಪ್ಪಿತಸ್ಥೆಯಾಗುತ್ತಾಳೆ. ಕೊನೆಗೆ ನಂಜಮ್ಮ ತನ್ನ ಲೆಕ್ಕಾಚಾರವನ್ನು ಬಿಚ್ಚಿಟ್ಟಾಗ ಕೇಳುಗನಿಗೆ ಆಗಬೇಕಾದ ಅಚ್ಚರಿ ಆಗುವುದೇ ಇಲ್ಲ.

ಆದ್ದರಿಂದ ನಂಜಮ್ಮನ ದನಿ ಕೊನೆಯ ದೃಶ್ಯದವರೆಗೂ ಕೇಳಬಾರದು, ಮನೆಯಾಕೆಯೇ ನಿರೂಪಕಿಯಾಗಬೇಕು ಎಂಬುದು ನನ್ನ ವಾದ. ಜಗಳ ಮಂಗಮ್ಮನ ಬಾಯಲ್ಲೇ ಉಳಿಯಲಿ. ಒಂದೇ ದನಿ ಐದು ನಿಮಿಷ ಮಾತಾಡಿದರೆ ಕೇಳುಗ ರೇಡಿಯೋ ಆರಿಸುತ್ತಾನೆ ಎಂಬ ಭಯ ಸುಳ್ಳಲ್ಲ. ಅದಕ್ಕೆ ಪರಿಹಾರ, ಮಾತನ್ನು ಬೇರೆ ಬೇರೆ ದಿನದ ಭೇಟಿಗಳಿಗೆ ಹಂಚುವುದು. ಒಂದು ಭೇಟಿ ಹೀಗೆ ಶುರುವಾಗಬಹುದು:

ಧ್ವನಿ: ಬೀದಿಯ ಸದ್ದು ಹಿನ್ನೆಲೆಯಲ್ಲಿ. ಬುಟ್ಟಿ ಜಗಲಿಗೆ ಇಳಿಯುತ್ತದೆ. (6 ಸೆಕೆಂಡು)
ಮಂಗಮ್ಮ: ಅವ್ವಾ, ಮೊಸರು.
ಧ್ವನಿ: ಪಾವು ಪಾತ್ರೆಯ ಅಂಚಿಗೆ ತಾಕುವ ಸದ್ದು ಎರಡು ಸಲ, ಮೂರನೆಯದು ಬರುವುದಿಲ್ಲ. (4 ಸೆಕೆಂಡು)
ಮನೆಯಾಕೆ: ಯಾಕೆ ಮಂಗಮ್ಮ, ಕೈ ನಿಂತೇಹೋಯಿತಲ್ಲ?
ಮಂಗಮ್ಮ: ಏನಿಲ್ಲವ್ವ. (ಬಿಡುವು, 2 ಸೆಕೆಂಡು) ಮನೆ ಎರಡಾಯಿತು.

ಪಾವಿನ ಸದ್ದು ಯಾಕೆಂದರೆ, ಗಟ್ಟಿ ಮೊಸರು ಬೀಳುವುದು ಮೈಕಿಗೆ ಕೇಳುವುದಿಲ್ಲ. ‘ಮೊಸರು ಸುರಿಯುವ ಸದ್ದು’ ಎಂದು ಬರೆದುಕೊಟ್ಟರೆ ಸ್ಟುಡಿಯೋದವರು ನೀರು ಸುರಿಯುತ್ತಾರೆ, ಮಂಗಮ್ಮ ನೀರು ಮಾರುವವಳಾಗುತ್ತಾಳೆ. ಇಲ್ಲಿ ಕಾಲದ ಲೆಕ್ಕವನ್ನೂ ಗಮನಿಸಿ. ಮಾತು ಒಂಬತ್ತೇ ಪದ, ಏಳೆಂಟು ಸೆಕೆಂಡಿನಲ್ಲಿ ಮುಗಿಯುತ್ತದೆ. ಆದರೆ ತುಣುಕು ಇಪ್ಪತ್ತು ಸೆಕೆಂಡು ತಿನ್ನುತ್ತದೆ. ಪದ ಎಣಿಸಿ, ಪುಟ ಎಣಿಸಿ ‘ಅರ್ಧ ಗಂಟೆಗೆ ಸರಿಹೋಗುತ್ತದೆ’ ಎಂದು ಕೊಟ್ಟ ಸ್ಕ್ರಿಪ್ಟು ಧ್ವನಿಮುದ್ರಣದ ದಿನ ಮೂವತ್ತೈದು ನಿಮಿಷವಾಗುವುದು ಹೀಗೆ. ಆಗ ಕತ್ತರಿ ಬೀಳುವುದು ಯಾವಾಗಲೂ ಕೊನೆಯ ಭಾಗಕ್ಕೆ. ಈ ಕತೆಯ ಜೀವ ಇರುವುದೋ ಅಲ್ಲೇ. ಗಡಿಯಾರ ಮುಂದಿಟ್ಟುಕೊಂಡು, ಸದ್ದುಗಳ ಜಾಗದಲ್ಲಿ ಸುಮ್ಮನಿದ್ದು, ಗಟ್ಟಿಯಾಗಿ ಓದುವುದೊಂದೇ ನಂಬುವಂಥ ಅಳತೆ. ಘೋಷಣೆ, ಕಲಾವಿದರ ಹೆಸರು ಕಳೆದರೆ ಅರ್ಧ ಗಂಟೆಯಲ್ಲಿ ಕೈಗೆ ಉಳಿಯುವುದು ಇಪ್ಪತ್ತೇಳು ನಿಮಿಷ ಎಂದಿಟ್ಟುಕೊಳ್ಳಿ. ನಂಜಮ್ಮನಿಗೆ ಅದರಲ್ಲಿ ಐದನ್ನು ಮೊದಲೇ ತೆಗೆದಿಟ್ಟು, ಮಿಕ್ಕಿದ್ದನ್ನು ಹಂಚಬೇಕು.

ಕಾಗೆಯ ಪ್ರಸಂಗ ಇನ್ನೂ ನಾಜೂಕು. ಕಾಗೆ ಮೈಮುಟ್ಟಿತು, ಸಾವು ಬಂತೇನೋ ಎಂದು ಮಂಗಮ್ಮ ಹೆದರುತ್ತಾಳೆ. ಬರೀ ಕಾಗೆ ಕೂಗಿಸಿದರೆ ‘ಬೆಳಗಾಯಿತು’ ಎಂದಷ್ಟೇ ಅರ್ಥ. ಮುಟ್ಟಿತು ಎಂಬುದಕ್ಕೆ ಸದ್ದೇ ಇಲ್ಲ. ಅದೂ ಅವಳ ಮಾತಿನಲ್ಲೇ ಬರಲಿ. ಹೇಳುತ್ತಿರುವಾಗ ಮೈಕಿನಿಂದ ದೂರದಲ್ಲಿ ಒಂದು ಕಾಗೆ ಕೂಗಿ, ಅವಳ ಮಾತು ನಡುವೆ ತುಂಡಾದರೆ ಸಾಕು. ಮಖಮಲ್ಲಿನ ಜಾಕೀಟಿಗೂ ಇದೇ ತೊಡಕು. ‘ಓಹೋ, ಮಖಮಲ್ಲಿನ ಜಾಕೀಟು ತೊಟ್ಟಿದ್ದೀಯಲ್ಲ!’ ಎಂದು ಕಣ್ಣಿಗೆ ಕಾಣುವುದನ್ನು ಪಾತ್ರದಿಂದ ವರದಿ ಮಾಡಿಸುವ ಚಾಳಿ ನಮ್ಮ ಬಾನುಲಿ ನಾಟಕಗಳಿಗೆ ಅಂಟಿದ ಹಳೇ ರೋಗ. ಜಾಕೀಟು ಹೊಲಿಸಿದ್ದಕ್ಕೆ ಜನ ಆಡಿಕೊಂಡರು ಎಂದು ಮಂಗಮ್ಮನೇ ಸಿಟ್ಟಿನಿಂದ ದೂರಿದರೆ ಜಾಕೀಟೂ ಕಾಣುತ್ತದೆ, ದುಡ್ಡನ್ನು ಇನ್ನು ಯಾರಿಗೆ ಕೂಡಿಡಲಿ ಎಂಬ ಅವಳ ಹಟವೂ ಕೇಳುತ್ತದೆ.

ಮಂಗಮ್ಮನಿಗೆ ದಾರಿಯಲ್ಲಿ ಸಿಗುವ ರಂಗಪ್ಪ ಎಂಬವನ ಭೇಟಿಯನ್ನು ಮಾತ್ರ ದೃಶ್ಯ ಮಾಡಬಹುದು ಎಂದು ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅವನು ಕೈ ಹಿಡಿದದ್ದನ್ನು ಮಂಗಮ್ಮ ಎಷ್ಟು ಮುಚ್ಚಿ ಎಷ್ಟು ಬಿಚ್ಚಿ ಹೇಳುತ್ತಾಳೆ ಎಂಬುದರಲ್ಲೇ ಸ್ವಾರಸ್ಯವಿದೆ.

ಹಾಗಾದರೆ ನಿರೂಪಕಿಗೆ ಉಳಿಯುವ ಕೆಲಸ ಎರಡೇ: ದಿನ ಕಳೆದದ್ದನ್ನು ಹೇಳುವುದು, ಕೇಳಿದ್ದರ ಬಗ್ಗೆ ತನಗೇನನ್ನಿಸಿತೆಂದು ಹೇಳುವುದು. ‘ಮಂಗಮ್ಮನಿಗೆ ಬಹಳ ದುಃಖವಾಗಿತ್ತು’ ಎಂಬ ಸಾಲು ಅವಳದಲ್ಲ, ಅದು ನಟಿಯ ಗಂಟಲಿನ ಕೆಲಸ. ಸ್ಕ್ರಿಪ್ಟು ಮುಗಿದ ಮೇಲೆ ನಿರೂಪಕಿಯ ಸಾಲುಗಳನ್ನಷ್ಟೇ ಓದಿ ಕಾಲ ಅಳೆಯಿರಿ. ಮೂರು ನಿಮಿಷ ದಾಟಿದ್ದರೆ, ಒಳ್ಳೆಯ ಸಾಲುಗಳಿದ್ದರೂ ಮುಲಾಜಿಲ್ಲದೆ ಹೊಡೆದುಹಾಕಿ.